ನೋಡೋ ಬಾಟ್‌ಗೆ ಬರೆಯೋ ಅಧಿಕಾರ ಯಾಕೆ?

ಹೊನ್ನಾವರದಲ್ಲಿ ಪಕ್ಕದ ಮನೆಯವರಿಗೆ "ಎರಡು ದಿನ ತೋಟದ ಕಡೆ ಸ್ವಲ್ಪ ನೋಡ್ಕೊಳ್ಳಿ" ಅಂತ ಹೇಳಿ ಹೋಗ್ತೀವಿ. ಅದಕ್ಕೆ ಮನೆಯ ಬೀಗದ ಕೈ ಕೊಡೋದಿಲ್ಲ. ಪ್ರಾಜೆಕ್ಟಿನಲ್ಲಿ ಮಾತ್ರ ಕೊಟ್ಟುಬಿಡ್ತೀವಿ.

ಭಟ್ಕಳ, ಹೊನ್ನಾವರ, ಕುಮಟಾದ ಹುಡುಗರಿರುವ ನಮ್ಮ ತಂಡ ಒಂದು ಬಾಟ್ ಮಾಡಿತ್ತು. ಗಿಟ್‌ಹಬ್‌ನಲ್ಲಿ ಯಾವ ಪುಲ್ ರಿಕ್ವೆಸ್ಟ್ ರಿವ್ಯೂ ಆಗದೆ ಬಾಕಿಯಿದೆ ಅಂತ ಗ್ರೂಪಿಗೆ ತಿಳಿಸೋದಷ್ಟೇ ಅದರ ಕೆಲಸ. ಅವಸರದಲ್ಲಿ ನಾನು ಕ್ಲಾಸಿಕ್ ಟೋಕನ್ ಮಾಡಿ `repo` ಟಿಕ್ ಹಾಕಿದೆ. ಆ ಒಂದು ಟಿಕ್‌ನಿಂದ ನನ್ನ ಕೈಗೆ ಸಿಗೋ ಎಲ್ಲ ರೆಪೊಗಳನ್ನೂ, ಖಾಸಗಿಯವನ್ನೂ ಸೇರಿಸಿ, ಓದುವ ಮತ್ತು ಬರೆಯುವ ಅಧಿಕಾರ ಬಾಟ್‌ಗೆ ಹೋಯ್ತು. ಖಾಸಗಿ ರೆಪೊವನ್ನು ಓದೋದಕ್ಕೆ ಮಾತ್ರ ಅನ್ನೋ ಸ್ಕೋಪ್ ಕ್ಲಾಸಿಕ್ ಟೋಕನ್‌ನಲ್ಲಿ ಇಲ್ಲವೇ ಇಲ್ಲ. ಬಾಟ್ ಓಡುವ ಲ್ಯಾಪ್‌ಟಾಪಿನಿಂದ ಟೋಕನ್ ಸೋರಿದರೆ, ಸಿಕ್ಕವರು ನನ್ನ ಹೆಸರಿನಲ್ಲೇ ಕೋಡ್ ಪುಶ್ ಮಾಡಬಹುದಿತ್ತು.

ಈಗ ಫೈನ್-ಗ್ರೇನ್ಡ್ ಟೋಕನ್ ಬಳಸ್ತೀವಿ. ಬೇಕಾದ ಒಂದೇ ರೆಪೊ ಆರಿಸಿ, ಹೀಗೆ ಇಟ್ಟಿದ್ದೇವೆ:

```
Pull requests: Read-only
Metadata: Read-only
```

ಎರಡನೆಯದು ತಾನಾಗಿಯೇ ಸೇರಿಕೊಳ್ಳುತ್ತೆ. ಅವಧಿಯನ್ನು ಸೆಮಿಸ್ಟರ್ ಮುಗಿಯುವ ದಿನಕ್ಕೆ ಹಾಕಿದ್ದೇವೆ. ಸಾರ್ವಜನಿಕ ರೆಪೊ ಆಗಿದ್ದರೆ ಓದಲು ಟೋಕನ್ನೇ ಬೇಡ. ಆದರೆ ಟೋಕನ್ ಇಲ್ಲದೆ ಗಂಟೆಗೆ 60 ರಿಕ್ವೆಸ್ಟ್ ಮಾತ್ರ ಸಿಗುತ್ತೆ. 5 ನಿಮಿಷಕ್ಕೊಮ್ಮೆ ಪಟ್ಟಿ ಕೇಳಿದರೆ 12 ಆಗುತ್ತೆ, ಅಷ್ಟಕ್ಕೆ ಸಾಕು.

ಸರಿ ಇದೆಯಾ ಅಂತ ತಿಳಿಯೋದು ಸುಲಭ. ಅದೇ ಟೋಕನ್‌ನಿಂದ ಒಂದು ಕಾಮೆಂಟ್ ಹಾಕಿ ನೋಡಿ. 403 ಬಂದರೆ ಖುಷಿಪಡಿ. ಕಾಮೆಂಟ್ ಬಿದ್ದರೆ ಆ ಟೋಕನ್ ಅಳಿಸಿ, ಹೊಸದು ಮಾಡಿ.