ತಕ್ಷಣ ಸಾಯದಿದ್ದರೇ ಒಳ್ಳೆಯದು

ಜಿರಳೆ ಔಷಧಿ ಕೊಳ್ಳುವಾಗ ಅಂಗಡಿಯಲ್ಲಿ ನಾವೆಲ್ಲ ಕೇಳುವುದು ಒಂದೇ: "ಹೊಡೆದ ತಕ್ಷಣ ಸಾಯುತ್ತಾ?" ಹಾಗೆ ಕೇಳುವವರ ಸಂಕಟ ನನಗೆ ಗೊತ್ತು. ಆದರೂ ಈ ಪ್ರಶ್ನೆಯೇ ನಮ್ಮನ್ನು ದಾರಿ ತಪ್ಪಿಸುತ್ತಿದೆ ಎಂದು ನನ್ನ ಅನುಮಾನ.

ಅಕ್ಕನ ಅಡುಗೆಮನೆಯನ್ನೇ ನೋಡಿ. ಪ್ರತಿ ಶನಿವಾರ ರಾತ್ರಿ ಸ್ಪ್ರೇ, ಭಾನುವಾರ ಬೆಳಿಗ್ಗೆ ಐದಾರು ಹೆಣ, ಮತ್ತೆ ಬುಧವಾರದ ಹೊತ್ತಿಗೆ ಸಂಸಾರ ಯಥಾಸ್ಥಿತಿ. ಡಬ್ಬಿಯ ಮೇಲೆ ಸೈಪರ್ಮೆಥ್ರಿನ್ ಎಂದಿತ್ತು. ಈ ಪೈರೆಥ್ರಾಯ್ಡ್ ಗುಂಪಿನ ವಿಷಗಳು ನರಮಂಡಲಕ್ಕೆ ತಟ್ಟಿ ಕೀಟವನ್ನು ಬೇಗ ಕೆಡವುತ್ತವೆ, ನಿಜ. ಆದರೆ ಜಿರಳೆಗಳಿಗೆ ಅವು ಕಿರಿಕಿರಿಯನ್ನೂ ಮಾಡುತ್ತವೆ. ಮೈಗೆ ಸಾಕಷ್ಟು ತಗುಲದವು ಇನ್ನೂ ಆಳದ ಸಂದಿಗೆ, ಕೆಲವೊಮ್ಮೆ ಪಕ್ಕದ ಕೋಣೆಗೆ ಓಡುತ್ತವೆ. ಬಯಲಿಗೆ ಬಂದದ್ದು ಸತ್ತಿತು, ಸಂದಿಯಲ್ಲಿದ್ದದ್ದು ಉಳಿಯಿತು.

ಅವು ಚಿಕ್ಕ, ಕಂದು ಬಣ್ಣದ, ಕುತ್ತಿಗೆಯ ಬಳಿ ಎರಡು ಕಪ್ಪು ಗೆರೆಗಳ ಜರ್ಮನ್ ಜಿರಳೆಗಳು. ಮಿಕ್ಸಿಯ ತಳ, ಫ್ರಿಜ್ಜಿನ ಹಿಂಬದಿ, ಕಪಾಟಿನ ಕೀಲು ಇವುಗಳ ಮನೆ. ಹೆಣ್ಣು ಮೂವತ್ತು ನಲವತ್ತು ಮೊಟ್ಟೆಗಳ ಕೋಶವನ್ನು ಮರಿಯಾಗುವ ಹೊತ್ತಿನವರೆಗೆ ಬಾಲಕ್ಕೇ ಅಂಟಿಸಿಕೊಂಡು ಅಡಗಿರುತ್ತದೆ. ಅದು ಸ್ಪ್ರೇಯ ದಾರಿಗೆ ಬರುವುದೇ ಅಪರೂಪ.

ನಾನು ಹೇಳಿದ್ದು ಜೆಲ್. ಟ್ಯೂಬಿನ ಮೇಲೆ ಇಮಿಡಾಕ್ಲೋಪ್ರಿಡ್ 2.15% ಅಥವಾ ಫಿಪ್ರೊನಿಲ್ 0.05% ಎಂದಿರುತ್ತದೆ. ತಿಂದ ಜಿರಳೆಗೆ ಗೂಡಿಗೆ ಮರಳುವಷ್ಟು ಸಮಯ ಸಿಗುತ್ತದೆ. ಅಲ್ಲಿ ಅದರ ಹಿಕ್ಕೆಯನ್ನೂ ಹೆಣವನ್ನೂ ಮರಿಗಳು ತಿನ್ನುತ್ತವೆ. ಅಸಹ್ಯವೇ, ಆದರೆ ನಮ್ಮ ಕೈ ಹೋಗದ ಸಂದಿಗೆ ವಿಷ ಹೋಗುವುದು ಈ ಅಸಹ್ಯದಿಂದಲೇ.

"ಪಾತ್ರೆ ಪಕ್ಕದಲ್ಲೇ ವಿಷ ಇಡ್ತೀಯೇನೋ?" ಎಂದಳು ಅಕ್ಕ. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿದೆವು. ಕಾಳಿನಷ್ಟು, ಅಂದರೆ ಸುಮಾರು 0.1 ಗ್ರಾಂ ಇರುವ ಇಪ್ಪತ್ತು ಚುಕ್ಕೆ ಎಂದರೆ 2 ಗ್ರಾಂ ಜೆಲ್. ಇಮಿಡಾಕ್ಲೋಪ್ರಿಡ್ ಜೆಲ್ ಆದರೆ ಅದರಲ್ಲಿ ವಿಷ 43 ಮಿಲಿಗ್ರಾಂ. ಅದೂ ಕೀಲಿನೊಳಗೆ, ಒಲೆಯ ಹಿಂದೆ. ಸ್ಪ್ರೇಯೋ ಮಂಜಿನಂತೆ ತಟ್ಟೆ ಲೋಟ, ಚಪಾತಿ ಮಣೆ ಎಲ್ಲದರ ಮೇಲೂ ಕೂರುತ್ತದೆ. ಎರಡು ವಿಷಗಳ ತೀವ್ರತೆ ಬೇರೆ, ಆದ್ದರಿಂದ ಬರೀ ತೂಕ ಹೋಲಿಸುವುದು ಸರಿಯಲ್ಲ. ನನ್ನ ವಾದ ವಿಷ ಎಲ್ಲಿ ಕೂರುತ್ತದೆ ಎಂಬುದರ ಬಗ್ಗೆ. ಅನ್ನ ಇಡುವ ಕಟ್ಟೆಯ ಮೇಲೆ, ಮಗುವಿನ ಕೈಗೆಟಕುವಲ್ಲಿ, ಜೆಲ್ಲೂ ಬೇಡ.

ಮನೆಮದ್ದೇ ಕ್ಷೇಮ ಎನ್ನುವವರಿಗೂ ಒಂದು ಮಾತು. ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪೌಡರ್ ಜಿರಳೆಯನ್ನು ನಿಧಾನವಾಗಿ ಕೊಲ್ಲುತ್ತದೆ, ಸರಿಯೇ. ಆದರೆ ಸಕ್ಕರೆ, ಮೈದಾ ಕಲಸಿ ಉಂಡೆ ಮಾಡಿಟ್ಟರೆ ಅದು ಮಕ್ಕಳ ಕಣ್ಣಿಗೆ ಪೇಡೆ. ಜಿರಳೆ ಚಾಕ್ ಅಂತೂ ಬಳಪದಂತೆಯೇ ಇರುತ್ತದೆ. ಪುಡಿ ಹಾಕುವುದಾದರೆ ಒಣ ಸಂದಿಯಲ್ಲಿ, ಕಂಡೂ ಕಾಣದಷ್ಟು ತೆಳುವಾಗಿ. ರಾಶಿ ಸುರಿದರೆ ಜಿರಳೆ ಅದನ್ನು ಸುತ್ತಿಕೊಂಡು ಹೋಗುತ್ತದೆ.

ಜೆಲ್ ಸೋಲುವುದೂ ಉಂಟು. ನಾಲ್ಕು ದಿನವಾದರೂ ಚುಕ್ಕೆ ಕರಗದಿದ್ದರೆ ಮೊದಲು ನೋಡಬೇಕಾದದ್ದು ಅಲ್ಲಿ ಸ್ಪ್ರೇಯ ಅಥವಾ ಫಿನಾಯಿಲಿನ ವಾಸನೆ ಇದೆಯೇ ಎಂದು. ಆಮೇಲೆ ಸಿಂಕಿನ ಎಂಜಲು ತಟ್ಟೆ. ಜೆಲ್ಲಿನ ಸಿಹಿಯೇ ಹಿಡಿಸದಿರಲೂಬಹುದು: ಅಮೆರಿಕದಲ್ಲಿ ಕೆಲವು ಜರ್ಮನ್ ಜಿರಳೆಗಳು ಗ್ಲೂಕೋಸಿನ ಸಿಹಿಯನ್ನೇ ಕಹಿಯೆಂದು ತಿರಸ್ಕರಿಸುವುದು 1990ರ ದಶಕದಲ್ಲೇ ವರದಿಯಾಗಿತ್ತು. ವಾಸನೆ, ಎಂಜಲು ಎರಡೂ ಕಾರಣವಲ್ಲವೆಂದಾದರೆ ಬೇರೆ ಕಂಪನಿಯ, ಬೇರೆ ಸಕ್ರಿಯ ಅಂಶದ ಟ್ಯೂಬ್ ತರಬೇಕು. ಬಚ್ಚಲ ಮೋರಿಯಿಂದ ಬರುವ ದೊಡ್ಡ ಕೆಂಗಂದು ಜಿರಳೆಗಾದರೆ ಜೆಲ್ಲಿಗಿಂತ ಮೊದಲು ಮೋರಿಗೆ ಜಾಲರಿ.

ಗೆದ್ದಲಿನ ವಿಷಯದಲ್ಲಿ, ತಕ್ಷಣ ಸಾಯಲಿ ಎನ್ನುವ ಇದೇ ತಪ್ಪು ಇನ್ನೂ ದುಬಾರಿ. ಬಾಗಿಲ ಚೌಕಟ್ಟಿನ ಮಣ್ಣಿನ ದಾರಿಯ ಮೇಲೆ ಸೀಮೆಎಣ್ಣೆ ಸುರಿದರೆ ಸಾಯುವುದು ಕೆಲಸದ ಹುಳು ಮಾತ್ರ; ರಾಣಿ ಮಣ್ಣಿನೊಳಗೆ. ಪೈರೆಥ್ರಾಯ್ಡ್ ಹೊಡೆದರೆ ಅವು ಪಕ್ಕದಲ್ಲಿ ಹೊಸ ದಾರಿ ಕಟ್ಟುತ್ತವೆ. ಇಮಿಡಾಕ್ಲೋಪ್ರಿಡ್ 30.5% ದ್ರಾವಣ ಇರುವುದು ಗೆದ್ದಲಿಗೆ ತಿಳಿಯುವುದಿಲ್ಲ. ವಿಷದ ಮಣ್ಣನ್ನು ಹಾದು ಹೋಗಿ ನಿಧಾನವಾಗಿ ಸಾಯುತ್ತವೆ. ಅದನ್ನು ಲೇಬಲ್ಲಿನ ಪ್ರಮಾಣದಲ್ಲಿ ನೀರಿಗೆ ಬೆರೆಸಿ, ಗೋಡೆ ನೆಲ ಸೇರುವಲ್ಲಿ ಸಾಲಾಗಿ ತೂತು ಕೊರೆದು ಮಣ್ಣಿಗೆ ಇಳಿಸಬೇಕು. ಇದು ತಿಳಿದವರು ಮಾಡುವ ಕೆಲಸ, ಬಾವಿಯ ಬಳಿಯಂತೂ ಸಲ್ಲ.

ಅಕ್ಕನ ಮನೆಯಲ್ಲಿ ಜೆಲ್ ಇಟ್ಟ ಮೂರನೇ ದಿನದಿಂದ ಹಗಲಲ್ಲೇ ತೂರಾಡುವ ಜಿರಳೆಗಳು ಹೊರಬಂದವು. "ಹೆಚ್ಚಾಯ್ತಲ್ಲೋ!" ಎಂದು ಫೋನು. ಅದು ಸಾಯುವವುಗಳ ಮೆರವಣಿಗೆ, ಸ್ಪ್ರೇ ಮುಟ್ಟಬೇಡ ಎಂದೆ. ಎರಡು ವಾರದಲ್ಲಿ ಸದ್ದಡಗಿತು. ಇಪ್ಪತ್ತೈದನೇ ದಿನ ಎಳ್ಳಿನಷ್ಟು ಮರಿಗಳು ಕಂಡವು, ಮೊಟ್ಟೆಕೋಶದೊಳಗೆ ಉಳಿದಿದ್ದವು. ಈ ಸಲ ಅಕ್ಕನೇ ಹೊಸ ಚುಕ್ಕೆ ಇಟ್ಟಳು, ಹತ್ತೇ ಹತ್ತು.