ಊದಿದ ಬ್ಯಾಟರಿ ‘ಫಿಸಿಕಲ್ ಡ್ಯಾಮೇಜ್’ ಅಲ್ಲ



ಹೊಸ ಪವರ್ ಬ್ಯಾಂಕ್ ನಾಲ್ಕೇ ತಿಂಗಳಲ್ಲಿ ಹೊಟ್ಟೆ ಉಬ್ಬಿಸಿಕೊಂಡರೆ ಅಂಗಡಿಯಲ್ಲಿ ಎಷ್ಟೋ ಸಲ ಸಿಗುವ ಉತ್ತರ ಇದು: “ಇದು ಫಿಸಿಕಲ್ ಡ್ಯಾಮೇಜ್, ವಾರಂಟಿಗೆ ಬರೋದಿಲ್ಲ.” ಈ ಮಾತು ಕೇಳಿ ಸುಮ್ಮನೆ ಮನೆಗೆ ಬರಬಾರದು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅನ್ನುವುದಕ್ಕೆ ಉತ್ತರ ರಸಾಯನಶಾಸ್ತ್ರದಲ್ಲಿದೆ.

ಮೊಬೈಲಿನಲ್ಲೂ ತೆಳ್ಳಗಿನ ಪವರ್ ಬ್ಯಾಂಕಿನಲ್ಲೂ ಇರುವುದು ಗಾಳಿಯಾಡದಂತೆ ಮುಚ್ಚಿದ ಒಂದು ಚೀಲ. ಅದರೊಳಗೆ ಎರಡು ವಿದ್ಯುದ್ವಾರಗಳು, ನಡುವೆ ತೆಳುವಾದ ಪ್ಲಾಸ್ಟಿಕ್ ಪರದೆ, ಜೊತೆಗೆ ಸಾವಯವ ದ್ರಾವಕದಲ್ಲಿ ಕರಗಿದ ಲಿಥಿಯಂ ಲವಣ. ಬಿಸಿ ಹೆಚ್ಚಾದರೆ, ತಯಾರಿಸುವಾಗ ತೇವಾಂಶ ಒಳಸೇರಿದ್ದರೆ, ಅಥವಾ ಮಿತಿ ಮೀರಿ ಚಾರ್ಜ್ ಆದರೆ ದ್ರಾವಕ ಒಡೆದು ಕಾರ್ಬನ್ ಡೈಆಕ್ಸೈಡ್, ಎಥಿಲೀನ್‌ನಂಥ ಅನಿಲಗಳು ಹುಟ್ಟುತ್ತವೆ. ಹೊರಗೆ ಹೋಗಲು ದಾರಿಯಿಲ್ಲದೆ ಚೀಲ ಊದುತ್ತದೆ. ಅಂದರೆ ಊತ ಒಳಗಿನ ರಾಸಾಯನಿಕ ಕ್ರಿಯೆಯ ಫಲ.

“ರಾತ್ರಿಯಿಡೀ ಚಾರ್ಜಿಗೆ ಇಟ್ಟಿದ್ದೀರಿ” ಅನ್ನುವ ನೆಪವೂ ನಿಲ್ಲುವುದಿಲ್ಲ. ಇಂಥ ಕೋಶ ಸಾಮಾನ್ಯವಾಗಿ 4.2 ವೋಲ್ಟ್ ಮುಟ್ಟಿದಾಗ ಚಾರ್ಜಿಂಗ್ ನಿಲ್ಲಿಸಬೇಕಾದ್ದು ಉಪಕರಣದ ಒಳಗೇ ಇರುವ ಮಂಡಲ. ಅದನ್ನು ಸರಿಯಾಗಿ ಮಾಡುವುದು ತಯಾರಕರ ಹೊಣೆ. ಆದರೆ ಉಪಕರಣ ಬಿದ್ದು ಜಜ್ಜಿಹೋಗಿದ್ದರೆ, ಬಿಸಿಲಲ್ಲಿ ಬಿಟ್ಟಿದ್ದರೆ ಮಾತು ಬೇರೆ. ಆಗ ನಡೆದದ್ದನ್ನು ಮುಚ್ಚಿಡದೆ ಹೇಳಬೇಕು.

ಬಳಸಿದವರ ತಪ್ಪೇ ಇಲ್ಲದೆ ಬ್ಯಾಟರಿ ಕೆಡಬಹುದು ಎನ್ನುವುದಕ್ಕೆ 2016ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಸಾಕ್ಷಿ. ಫೋನುಗಳು ಹೊತ್ತಿಕೊಂಡ ದೂರುಗಳು ಬಂದ ಮೇಲೆ ಕಂಪನಿ ಅವನ್ನು ಹಿಂದಕ್ಕೆ ಕರೆಸಿತು. ಬದಲಿಗೆ ಕೊಟ್ಟವೂ ಹೊತ್ತಿಕೊಂಡಾಗ ತಯಾರಿಕೆಯನ್ನೇ ನಿಲ್ಲಿಸಿತು. ದೋಷ ಬ್ಯಾಟರಿಯ ವಿನ್ಯಾಸ ಮತ್ತು ತಯಾರಿಕೆಯಲ್ಲಿತ್ತು ಎಂದು 2017ರ ಜನವರಿಯಲ್ಲಿ ತಾನೇ ಹೇಳಿತು. ದೂರು ಕೊಟ್ಟವರಿದ್ದರು, ಹಾಗಾಗಿ ದೋಷ ಬಯಲಾಯಿತು.

ಈಗ ಒಂದು ಉದಾಹರಣೆ. ಕುಂಬಳೆಯ ಒಬ್ಬ ಹುಡುಗಿಯ ಅಪ್ಪ ಮಂಗಳೂರಿನ ಅಂಗಡಿಯಲ್ಲಿ 1,299 ರೂಪಾಯಿಗೆ ಪವರ್ ಬ್ಯಾಂಕ್ ಕೊಂಡರು ಅಂತಿಟ್ಟುಕೊಳ್ಳಿ. ವಾರಂಟಿ ಆರು ತಿಂಗಳು. ನಾಲ್ಕನೇ ತಿಂಗಳಲ್ಲಿ ಅದು ಮೇಜಿನ ಮೇಲೆ ಸಮನಾಗಿ ಕೂರದೆ ಬುಗುರಿಯಂತೆ ತಿರುಗಿತು, ಅಂಚಿನ ಜೋಡಣೆ ಬಾಯಿಬಿಟ್ಟಿತು.

ಮೊದಲು ಜೀವರಕ್ಷಣೆ. ಚಾರ್ಜಿಂಗ್, ಬಳಕೆ ಎರಡನ್ನೂ ನಿಲ್ಲಿಸಬೇಕು. ಒತ್ತಬಾರದು, ಚುಚ್ಚಬಾರದು: ಪರದೆ ಹರಿದು ವಿದ್ಯುದ್ವಾರಗಳು ತಾಗಿದರೆ ಬೆಂಕಿಯೇ. ಹಾಸಿಗೆ, ಬಟ್ಟೆ, ಕಾಗದದಿಂದ ದೂರ, ಟೈಲ್ಸ್ ನೆಲದ ಮೇಲೆ ಇಡಬೇಕು. ಬಿಸಿಯೇರಿದರೆ, ಬುಸ್ ಎಂದರೆ, ವಾಸನೆ ಬಂದರೆ ಮುಟ್ಟದೆ ಎಲ್ಲರೂ ಹೊರಗೆ ಬಂದು 101ಕ್ಕೆ ಕರೆ ಮಾಡಬೇಕು.

ಆಮೇಲೆ ಸಾಕ್ಷ್ಯ. ಬೆನ್ನಿನ ಮೇಲೆ ಪ್ಲಾಸ್ಟಿಕ್ ಅಡಿಪಟ್ಟಿಯನ್ನು ಮೆಲ್ಲಗೆ ಅಡ್ಡ ಇಟ್ಟರೆ ಅಂಚುಗಳ ಹತ್ತಿರ ಕೆಳಗೆ ಬೆಳಕು ಕಾಣುತ್ತದೆ. ಅದರ ಫೋಟೊ, ಮಾದರಿ ಸಂಖ್ಯೆ ಮತ್ತು ‘R-’ ಎಂದು ಶುರುವಾಗುವ ಬಿಐಎಸ್ ನೋಂದಣಿ ಸಂಖ್ಯೆಯ ಫೋಟೊ, ಬಿಲ್ಲಿನ ಫೋಟೊ ಬೇಕು. ಪೆಟ್ಟಿನ ಗುರುತಿಲ್ಲದ ನಾಲ್ಕೂ ಮೂಲೆಗಳ ಫೋಟೊ ಎಲ್ಲಕ್ಕಿಂತ ಮುಖ್ಯ, ‘ಫಿಸಿಕಲ್ ಡ್ಯಾಮೇಜ್’ ಎಂಬ ಮಾತಿಗೆ ಅದೇ ಉತ್ತರ. ಉಪಕರಣವನ್ನು ಕೊರಿಯರ್‌ನಲ್ಲಿ ಕಳಿಸಬಾರದು; ದಾರಿಯಲ್ಲಿ ಹೊತ್ತಿಕೊಳ್ಳಬಹುದು.

ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ. ಅಂಗಡಿಗೂ ಕಂಪನಿಗೂ ಹೀಗೆ ಬರೆಯಬಹುದು: “ಇಂಥ ದಿನ, ಇಂಥ ಬಿಲ್ಲಿನಲ್ಲಿ ಕೊಂಡ ಪವರ್ ಬ್ಯಾಂಕ್ ವಾರಂಟಿ ಅವಧಿಯಲ್ಲೇ ಊದಿದೆ. ಬಿದ್ದಿಲ್ಲ, ಬಿಚ್ಚಿಲ್ಲ. ಇದು ಅಪಾಯಕಾರಿ ದೋಷ. 15 ದಿನದೊಳಗೆ 1,299 ರೂಪಾಯಿ ಹಿಂದಿರುಗಿಸಿ. ವಸ್ತುವನ್ನು ನೀವೇ ಸುರಕ್ಷಿತವಾಗಿ ತರಿಸಿಕೊಳ್ಳಿ. ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಿ.”

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬೇಕು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಕೊಡುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಸಹಾಯವಾಣಿ ಕಂಪನಿಯೊಂದಿಗೆ ಮಾತಾಡಿ ಪರಿಹಾರಕ್ಕೆ ಯತ್ನಿಸುತ್ತದೆ, ಆದರೆ ಆದೇಶ ಮಾಡಲಾರದು. ಆದೇಶದ ಅಧಿಕಾರ ಇರುವುದು ಜಿಲ್ಲಾ ಗ್ರಾಹಕ ಆಯೋಗಕ್ಕೆ.

ಗಡಿಯಲ್ಲಿರುವ ನಮಗೆ ತಿಳಿದಿರಬೇಕಾದ ಸಂಗತಿ ಇಲ್ಲಿದೆ. “ಅಂಗಡಿ ಕರ್ನಾಟಕದಲ್ಲಿ, ನಾವು ಕೇರಳದಲ್ಲಿ, ಯಾರು ಓಡಾಡೋದು?” ಎಂದು ಮನೆಯಲ್ಲಿ ದೊಡ್ಡವರು ಕೈಬಿಡುತ್ತಾರೆ. ಓಡಾಡಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕುಂಬಳೆಯವರಿಗೆ ಅದು ಕಾಸರಗೋಡು. ಕೊಂಡ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ದೋಷ ಕಂಡ ಎರಡು ವರ್ಷದೊಳಗೆ ಕೊಡಬೇಕು. ನಿಮಗೆ 18 ತುಂಬಿಲ್ಲದಿದ್ದರೆ ಅಪ್ಪನೋ ಅಮ್ಮನೋ ಸಹಿ ಹಾಕಲಿ. ಊತಕ್ಕೆ ಕಾರಣವೇನೆಂದು ಅವರಿಗೆ ವಿವರಿಸುವ ಕೆಲಸ ನಿಮ್ಮದು.