ಏಳೂವರೆ ಅಂದ್ರೆ ಯಾರ ಏಳೂವರೆ?

ವಿದೇಶದಲ್ಲಿದ್ದುಕೊಂಡು ಮನೆಗೆ ದಿನಾ ಫೋನ್ ಮಾಡುವವರು ರಿಮೈಂಡರ್ ಇಡುವ ಮೊದಲು ಒಂದು ವಿಷಯ ತೀರ್ಮಾನಿಸಬೇಕು: ಆ ಸಮಯ ಯಾವ ಊರಿನ ಗಡಿಯಾರದ್ದು? ಅದನ್ನು ನಾವು ಹೇಳದಿದ್ದರೆ ಫೋನು ತಾನೇ ನಿರ್ಧರಿಸುತ್ತದೆ. ಸಾಮಾನ್ಯವಾಗಿ ಅದು ಹಿಡಿಯೋದು ನಾವು ಆಗ ಇರುವ ಊರಿನ ಸಮಯವನ್ನು.

ನಮ್ಮ ಮನೆಯ ಲೆಕ್ಕವನ್ನೇ ನೋಡಿ. ನಾನು, ಅವ್ವ ಮಾಣಿಕನಗರದಲ್ಲಿ ಇರ್ತೀವಿ. ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. ಅವ್ವ ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ತಗೋಬೇಕು. ಸಂಜೆ 7:30ಕ್ಕೆ ತಮ್ಮ ಫೋನ್ ಮಾಡಿ, "ಅವ್ವಾ, ಸೂಜಿ ಆಯ್ತೇನು?" ಅಂತ ಕೇಳೋದು ರೂಢಿ. ಬೇಸಿಗೆಯಲ್ಲಿ ನಮ್ಮ 7:30 ಅಂದ್ರೆ ಅಲ್ಲಿ ಬೆಳಿಗ್ಗೆ 10. ಹಾಗಾಗಿ ಅವನು ಕ್ಯಾಲೆಂಡರಿನಲ್ಲಿ "ದಿನಾ ಬೆಳಿಗ್ಗೆ 10" ಅಂತ ಹಾಕಿಟ್ಟಿದ್ದ.

2025ರ ನವೆಂಬರ್ 2ರಂದು ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಭಾರತದಲ್ಲಿ ವರ್ಷವಿಡೀ ಒಂದೇ ಸಮಯ, ಬದಲಾವಣೆ ಇಲ್ಲ. ಹೀಗಾಗಿ ಒಂಬತ್ತೂವರೆ ಗಂಟೆಯ ಅಂತರ ಹತ್ತೂವರೆ ಆಯಿತು. ಅವನ ರಿಮೈಂಡರ್ ಹೇಳಿದ ಹಾಗೇ ಬೆಳಿಗ್ಗೆ 10ಕ್ಕೇ ಬಡಿಯಿತು, ಆದರೆ ಇಲ್ಲಿ ಆಗ ರಾತ್ರಿ 8:30. ಅವ್ವ, "ಅಂವಾ ಇನ್ನೂ ಫೋನ್ ಮಾಡಿಲ್ಲಲ್ಲ" ಅಂತ ಊಟವನ್ನೂ ಬಿಟ್ಟು, ಸೂಜಿಯನ್ನೂ ಬಿಟ್ಟು ಕೂತಿದ್ದಳು. ಆ್ಯಪ್ ಕೆಟ್ಟಿರಲಿಲ್ಲ. ನಮ್ಮ ಊರಿನ ಸಮಯವನ್ನು ಅದಕ್ಕೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಸರಿಪಡಿಸೋದು ಎರಡು ನಿಮಿಷದ ಕೆಲಸ. ಗೂಗಲ್ ಕ್ಯಾಲೆಂಡರಿನಲ್ಲಿ ಆ ಈವೆಂಟ್ ತೆರೆದು ಎಡಿಟ್ ಒತ್ತಿ. ಸಮಯದ ಹತ್ತಿರವೇ ಟೈಮ್ ಝೋನ್ ಇರುತ್ತದೆ. ಅದನ್ನು ಒತ್ತಿ, Kolkata ಅಂತ ಹುಡುಕಿ, India Standard Time ಆರಿಸಿ. ಆಮೇಲೆ ಸಮಯವನ್ನು ಸಂಜೆ 7:30 ಅಂತ ಹಾಕಿ. ಸೇವ್ ಮಾಡುವಾಗ ಈ ಒಂದು ದಿನಕ್ಕೋ, ಮುಂದಿನ ಎಲ್ಲ ದಿನಗಳಿಗೋ ಅಂತ ಕೇಳುತ್ತದೆ. ಮುಂದಿನದ್ದೆಲ್ಲ ಬದಲಾಗುವಂತೆ ಆರಿಸಿ. ಇನ್ನು ಗುಣಿಸಿ ಕಳೆಯುವ ಕೆಲಸ ಕ್ಯಾಲೆಂಡರಿನದು.

ಸರಿಯಾಗಿದೆಯೋ ಇಲ್ಲವೋ ತಿಳಿಯೋಕೆ ನವೆಂಬರ್ ತನಕ ಕಾಯಬೇಕಿಲ್ಲ. ಅಮೆರಿಕದಲ್ಲಿ ಮುಂದಿನ ಬದಲಾವಣೆ 2026ರ ನವೆಂಬರ್ 1ಕ್ಕೆ. ನ್ಯೂಜೆರ್ಸಿಯ ಫೋನಿನಲ್ಲಿ ಅಕ್ಟೋಬರ್ 30 ಮತ್ತು ನವೆಂಬರ್ 2, ಈ ಎರಡು ದಿನಗಳನ್ನು ತೆರೆದು ನೋಡಿ. ಮೊದಲನೆಯದರಲ್ಲಿ ಬೆಳಿಗ್ಗೆ 10, ಎರಡನೆಯದರಲ್ಲಿ ಬೆಳಿಗ್ಗೆ 9 ಕಂಡರೆ ಅದು ನಮ್ಮ ಊರಿನ ಸಮಯಕ್ಕೆ ಕಟ್ಟಿಕೊಂಡಿದೆ. ಎರಡರಲ್ಲೂ 10 ಇದ್ದರೆ ಇನ್ನೂ ಕಟ್ಟಿಕೊಂಡಿಲ್ಲ. ಬ್ರಿಟನ್, ಯುರೋಪಿನಲ್ಲಿ ಇರುವವರು ಅಕ್ಟೋಬರ್ 25ರ ಹಿಂದೆ ಮುಂದೆ ನೋಡಬೇಕು, ಅಲ್ಲಿ ಗಡಿಯಾರ ಒಂದು ವಾರ ಮೊದಲೇ ಬದಲಾಗುತ್ತದೆ. ದುಬೈಯಲ್ಲಿ ಇರುವವರಿಗೆ ಈ ತಾಪತ್ರಯವೇ ಇಲ್ಲ. ಅಂತರ ವರ್ಷವಿಡೀ ಒಂದೂವರೆ ಗಂಟೆ.

ಆದರೆ ಇದರಿಂದ ಎಲ್ಲವೂ ಬಗೆಹರಿಯೋದಿಲ್ಲ. ಅವ್ವನ 7:30 ಕದಲದಿದ್ದರೆ ತಮ್ಮನ 10 ಕದಲಿ 9 ಆಗುತ್ತದೆ. ಅವನಿಗೆ 9ಕ್ಕೆ ಆಫೀಸಿನ ಮೀಟಿಂಗ್ ಇದ್ದರೆ ಚಳಿಗಾಲದಲ್ಲಿ ಎರಡೂ ಒಂದೇ ಹೊತ್ತಿಗೆ ಬಂದು ಬೀಳುತ್ತವೆ. ಯಾರು ಸರಿದುಕೊಳ್ಳಬೇಕು ಅನ್ನೋದನ್ನು ಆ್ಯಪ್ ಹೇಳೋದಿಲ್ಲ. ಅಕ್ಟೋಬರಿನಲ್ಲೇ ಮನೆಯವರ ಜೊತೆ ಮಾತಾಡಿ ಇಟ್ಟುಕೊಳ್ಳಬೇಕು.

ಇನ್ನು ಅಲಾರಂ ವಿಷಯ. ಫೋನಿನ ಗಡಿಯಾರದ ಅಲಾರಂಗೆ ಊರು ಗೊತ್ತಿಲ್ಲ. ನೀವು ಎಲ್ಲಿ ಇಳಿದರೂ ಅದು ಅಲ್ಲಿನ ಸಮಯಕ್ಕೇ ಹೊಡೆಯುತ್ತದೆ. ಬೆಳಿಗ್ಗೆ 6ಕ್ಕೆ ಏಳೋಕೆ ಅದೇ ಸರಿ. ಆದರೆ ತಮ್ಮ ಒಂದು ವಾರ ಕ್ಯಾಲಿಫೋರ್ನಿಯಾಗೆ ಹೋದರೆ ಅವನ 10ರ ಅಲಾರಂ ಮೂರು ಗಂಟೆ ತಡ, ನಮಗೆ ಆಗ ರಾತ್ರಿ ಹತ್ತೂವರೆ ದಾಟಿರುತ್ತದೆ. ಮನೆಗೆ ಮಾಡುವ ಫೋನನ್ನು ಅಲಾರಂಗೆ ಬಿಡಬಾರದು ಅನ್ನೋದು ಇದಕ್ಕೇ.

ಹಾಗೇ ಅವ್ವನ ಇನ್ಸುಲಿನ್ನನ್ನು ತಮ್ಮನ ಫೋನಿಗೂ ಬಿಡಬಾರದು. ಅವ್ವ ಇರೋದು ಇಲ್ಲಿ, ಊಟ ಇಲ್ಲಿ, ಇಲ್ಲಿನ ಗಡಿಯಾರ ಬದಲಾಗೋದೂ ಇಲ್ಲ. ಆದ್ದರಿಂದ ಡಾಕ್ಟರು ಹೇಳಿದ ಹೊತ್ತಿಗೆ ಅವ್ವನ ಫೋನಿನಲ್ಲೇ ಅಲಾರಂ ಇಟ್ಟಿದ್ದೀನಿ. ಆ ಅಲಾರಂ ಹೊಡೆದರೆ ಸೂಜಿ, ತಮ್ಮನ ಫೋನ್ ಬಂದರೆ ಮಾತು. ಫೋನ್ ತಡವಾದರೂ ಸೂಜಿ ತಡವಾಗಬಾರದು.